ಮೂಗಿನ ರಕ್ತ: ಗಡಿಯಾರ ನೋಡಿ, ಗಂಟಲೂ ನೋಡಿ

(ಸಕಲೇಶಪುರದ ಶಾಲೆಯೊಂದರಲ್ಲಿ ಪೋಷಕರ ಮುಂದೆ ಮಾತಾಡಿದ್ದು)

ಹಿಂದೆ ಕೂತವರಿಗೆ ಕೇಳಿಸ್ತಾ ಇದೆ ತಾನೇ? ಸರಿ. ಕಳೆದ ವಾರ ಇದೇ ಮೈದಾನದಲ್ಲಿ ಐದನೇ ಕ್ಲಾಸಿನ ಹುಡುಗನಿಗೆ ಮೂಗಲ್ಲಿ ರಕ್ತ ಬಂತಂತೆ. ತಲೆ ಹಿಂದಕ್ಕೆ ಬಗ್ಗಿಸಿ, ನೆತ್ತಿಗೆ ಒಂದು ಚೊಂಬು ನೀರು ಸುರಿದು, ಈರುಳ್ಳಿ ಮೂಸಿಸಿದರಂತೆ. ಈರುಳ್ಳಿ ಸಾರಿಗಿರಲಿ ಬಿಡಿ. ನನ್ನ ಜಗಳ ಇರುವುದು ಆ ತಲೆ ಹಿಂದಕ್ಕೆ ಬಗ್ಗಿಸುವುದರ ಜೊತೆ.

ಯಾಕೆ ಅಂತ ಒಂದು ಕತೆ ಹೇಳುತ್ತೇನೆ. ಕಾಫಿ ಕೊಯ್ಲಿನ ಸಮಯ. ಘಟ್ಟದ ಕಡೆಯ ತೋಟದವರೊಬ್ಬರು, ಅರವತ್ತು ದಾಟಿದವರು, ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ತಗೋತಿದ್ದರು. ಬೆಳಗ್ಗೆ ಮೂಗಲ್ಲಿ ರಕ್ತ ಶುರುವಾಯಿತು. ಮಗ ಜೀಪಿನ ಹಿಂದಿನ ಸೀಟಲ್ಲಿ ಮಲಗಿಸಿ ಹಾಸನಕ್ಕೆ ಹೊರಟ. ಅರ್ಧ ದಾರಿಯಲ್ಲಿ ಫೋನ್ ಮಾಡಿ, 'ಡಾಕ್ಟ್ರೇ, ನಿಂತು ಹೋಯ್ತು, ವಾಪಸ್ ಹೋಗ್ಲಾ?' ಅಂದ. 'ಬಾಯಿ ತೆಗೆಸಿ ಗಂಟಲು ನೋಡಪ್ಪ' ಅಂದೆ. ನೋಡಿದರೆ ಹಿಂದಿನ ಗೋಡೆ ಮೇಲೆ ರಕ್ತ ಇಳೀತಾನೇ ಇದೆ. ಮೂಗಿಂದ ಹನಿ ಇಲ್ಲ, ಎಲ್ಲಾ ಹೊಟ್ಟೆಗೆ ಹೋಗುತ್ತಿತ್ತು. ತಲೆ ಹಿಂದಕ್ಕೆ ಬಗ್ಗಿಸಿದರೂ ಆಗುವುದು ಇದೇ. ನಮ್ಮ ಬಾಗಿಲಲ್ಲಿ ಇಳಿದವರೇ ಕಪ್ಪಗೆ, ಗಡ್ಡೆಗಟ್ಟಿದ ರಕ್ತ ವಾಂತಿ ಮಾಡಿದರು. ಮುಖ ಬಿಳುಚಿತ್ತು, ಬೆವರು, ನಾಡಿ ನೂರಿಪ್ಪತ್ತು. ಮೂಗಿನ ತೀರಾ ಹಿಂಭಾಗದಿಂದ ಬರುತ್ತಿದ್ದ ರಕ್ತ ಅದು. ಮೂಗಿಗೆ ಪ್ಯಾಕ್ ಇಟ್ಟು ಅಡ್ಮಿಟ್ ಮಾಡಿದೆವು. ಉಳಿದರು. ಈಗಲೂ ಕೊಯ್ಲು ಮುಗಿದ ಮೇಲೆ ಕಾಫಿಪುಡಿ ಕಳಿಸುತ್ತಾರೆ, ಅದು ಬೇರೆ ಮಾತು.

ಮಕ್ಕಳ ಮೂಗಿನ ಕತೆ ಬೇರೆ. ಅವರಲ್ಲಿ ಹೆಚ್ಚುಕಮ್ಮಿ ಯಾವಾಗಲೂ ರಕ್ತ ಬರುವುದು ಮೂಗಿನ ನಡುಗೋಡೆಯ ಮುಂಭಾಗದಿಂದ, ಅಂದರೆ ಬೆರಳು ಸಲೀಸಾಗಿ ತಲುಪುವ ಜಾಗದಿಂದ. ಸಣ್ಣ ರಕ್ತನಾಳಗಳು ಅಲ್ಲೇ ಬಂದು ಸೇರುತ್ತವೆ, ಮೇಲಿನ ಪದರವೂ ತೆಳು. ನೆಗಡಿ, ಚಳಿಗಾಲದ ಒಣ ಗಾಳಿ, ಆಮೇಲೆ ಬೆರಳು. (ನಗಬೇಡಿ, ನೀವೂ ಮಾಡಿದ್ದೀರಿ.)

ಹೀಗೆ ಮಾಡಿ. ಮಗುವನ್ನು ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಬಾಯಿಂದ ಉಸಿರಾಡಲಿ. ಮೂಗಿನ ಕೆಳಗಿನ ಮೆತ್ತನೆ ಭಾಗವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಿರಿ. ಮೇಲಿನ ಮೂಳೆ ಹಿಡಿದರೆ ಏನೂ ಪ್ರಯೋಜನ ಇಲ್ಲ, ಆದರೆ ಎಲ್ಲರೂ ಹಿಡಿಯುವುದು ಅಲ್ಲೇ! ಗಡಿಯಾರ ನೋಡಿ ಹತ್ತು ನಿಮಿಷ. ಎರಡೆರಡು ನಿಮಿಷಕ್ಕೆ 'ನಿಂತಿತಾ' ಅಂತ ಬಿಟ್ಟು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಮತ್ತೆ ಒಂದರಿಂದ ಶುರು. ಬಾಯಿಗೆ ಬಂದ ರಕ್ತ ಉಗುಳಲಿ, ನುಂಗಬಾರದು. ಹತ್ತು ನಿಮಿಷಕ್ಕೆ ನಿಲ್ಲದಿದ್ದರೆ ಇನ್ನೊಂದು ಹತ್ತು. ಇಪ್ಪತ್ತಾದರೂ ನಿಲ್ಲದಿದ್ದರೆ ಮೂಗು ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಎಷ್ಟು ಹೋಯಿತು ಅಂತ ಅಳೆಯುವುದು ಕಷ್ಟ. ಬಿಳಿ ಟವೆಲ್ ಮೇಲೆ ಎರಡು ಚಮಚ ರಕ್ತ ಬಿದ್ದರೂ ಕೊಲೆ ಆದ ಹಾಗೆ ಕಾಣುತ್ತದೆ, ನುಂಗಿದ್ದು ಕಾಣುವುದೇ ಇಲ್ಲ. ಅದಕ್ಕೇ ಒಂದು ಲೋಟ ಕೊಡಿ, ಅದರಲ್ಲಿ ಉಗುಳಲಿ. ಮಗುವಿನ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 75ರಿಂದ 80 ಮಿಲಿ ರಕ್ತ ಇರುತ್ತದೆ. ಹದಿನೈದು ಕಿಲೋ ಮಗುವಿಗೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಲ್ಲಿ ಒಂದು ಲೋಟ, 200 ಮಿಲಿ, ಹೋದರೆ ಆರನೇ ಒಂದು ಭಾಗ ಹೋದ ಹಾಗೆ. ಅರ್ಧ ಲೋಟ ಆಗುವಾಗಲೇ ಹೊರಡಿ, ಕಾಯಬೇಡಿ.

ಚೀಟಿ ಬಂತು, ಐದು ನಿಮಿಷ ಉಳಿದಿದೆಯಂತೆ. ಬೇಗ ಹೇಳಿಬಿಡುತ್ತೇನೆ. ಮುಖ ಬಿಳುಚಿದರೆ, ತಲೆ ಸುತ್ತಿದರೆ, ಉಸಿರಾಟ ಕಷ್ಟವಾದರೆ, ರಕ್ತ ವಾಂತಿಯಾದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ ಇಪ್ಪತ್ತು ನಿಮಿಷ ಎಣಿಸಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬೇಗ ಬನ್ನಿ, ಆದರೆ ಮಾತ್ರೆ ನೀವೇ ನಿಲ್ಲಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಬಂದರೆ ನಿಂತಿದ್ದರೂ ತೋರಿಸಿ. ಜ್ವರದ ಜೊತೆ ಬಂದರೆ ನಮ್ಮ ಕಡೆ ಡೆಂಗಿ ಇದೆ, ಮಲೆನಾಡಿನ ಕಾಡಂಚಲ್ಲಿ ಮಂಗನ ಕಾಯಿಲೆ ಇದೆ, ಅವತ್ತೇ ತೋರಿಸಿ.

ಮುಂದಿನ ಸಾಲಿನ ಅಜ್ಜಿ ಆಗಲೇ ಕೈ ಎತ್ತಿದ್ದಾರೆ. ಇಂಬಳದ ವಿಚಾರ ಅಲ್ವಾ ಅಜ್ಜಿ? ಹೌದು, ಹಳ್ಳದ ನೀರಿಗೆ ಬಾಯಿ ಹಾಕಿ ಕುಡಿದ ಮಗುವಿಗೆ ಒಂದೇ ಹೊಳ್ಳೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ರಕ್ತ ಬರುತ್ತಿದ್ದರೆ ಒಳಗೆ ಇಂಬಳ ಕೂತಿರಬಹುದು. ಉಪ್ಪುನೀರು ಬಿಡಲು ಹೋಗಬೇಡಿ. ನಾವು ಲೈಟ್ ಹಾಕಿ ನೋಡಿ, ಹಿಡಿದು ತೆಗೆಯುತ್ತೇವೆ.