ಫೋಟೋದಲ್ಲಿರುವ ನಕ್ಷೆ, ಲಾಭ ತರುವ ಮೂಲೆ

ಕೇಳುಗರೆಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವ ಲೀನಿಯರ್ ಪ್ರೋಗ್ರಾಮಿಂಗ್‌ನ ಒಂದು ಲೆಕ್ಕವನ್ನು ಇಂದು ಬಿಡಿಸೋಣ. ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಂಡರೆ ಅನುಕೂಲ.

ಒಂದು ಮರಗೆಲಸದ ಅಂಗಡಿಯಲ್ಲಿ ಬೆತ್ತದ ಕುರ್ಚಿಗಳನ್ನೂ ಟೀಪಾಯಿಗಳನ್ನೂ ಮಾಡುತ್ತಾರೆ ಎಂದುಕೊಳ್ಳೋಣ. ಮರ ಕೊಯ್ದು ಜೋಡಿಸಲು ಕುರ್ಚಿಗೆ 1 ಗಂಟೆ, ಟೀಪಾಯಿಗೆ 2 ಗಂಟೆ ಬೇಕು; ಈ ಕೆಲಸಕ್ಕೆ ವಾರಕ್ಕೆ 40 ಗಂಟೆ ಸಿಗುತ್ತದೆ. ಬೆತ್ತ ಹೆಣೆದು ಪಾಲಿಷ್ ಮಾಡಲು ಕುರ್ಚಿಗೆ 3 ಗಂಟೆ, ಬರೀ ಪಾಲಿಷ್ ಸಾಕಾಗುವ ಟೀಪಾಯಿಗೆ 1 ಗಂಟೆ. ಇದಕ್ಕೆ ಸಿಗುವುದು 45 ಗಂಟೆ. ಕುರ್ಚಿಯೊಂದಕ್ಕೆ 200 ರೂಪಾಯಿ, ಟೀಪಾಯಿಯೊಂದಕ್ಕೆ 300 ರೂಪಾಯಿ ಲಾಭ. ಹಾಗಾದರೆ ವಾರಕ್ಕೆ ಯಾವುದನ್ನು ಎಷ್ಟೆಷ್ಟು ಮಾಡಬೇಕು?

ಈ ಲೆಕ್ಕದ ನಕ್ಷೆಯನ್ನು ಕಪ್ಪುಹಲಗೆಯಿಂದ ಮೊಬೈಲ್‌ನಲ್ಲಿ ಓರೆಯಾಗಿ ಫೋಟೋ ತೆಗೆದು ಯಾರೋ ನಿಮಗೆ ಕಳುಹಿಸಿದ್ದಾರೆ. ಅಡ್ಡ ಅಕ್ಷದಲ್ಲಿ ಕುರ್ಚಿ, ಅಂದರೆ x; ಲಂಬ ಅಕ್ಷದಲ್ಲಿ ಟೀಪಾಯಿ, ಅಂದರೆ y. ಒಂದು ರೇಖೆ ಅಡ್ಡ ಅಕ್ಷವನ್ನು 40ರಲ್ಲಿ, ಲಂಬ ಅಕ್ಷವನ್ನು 20ರಲ್ಲಿ ಕಡಿಯುತ್ತದೆ. ಇನ್ನೊಂದು ಅಡ್ಡ ಅಕ್ಷವನ್ನು 15ರಲ್ಲಿ, ಲಂಬ ಅಕ್ಷವನ್ನು 45ರಲ್ಲಿ. ಈ ನಾಲ್ಕು ಸಂಖ್ಯೆಗಳನ್ನು ಬರೆದಿದ್ದಾರೆ, ಆದರೆ ಎರಡು ರೇಖೆಗಳು ಒಂದನ್ನೊಂದು ಕಡಿಯುವ ಬಿಂದುವಿನ ಬಳಿ ಏನನ್ನೂ ಬರೆದಿಲ್ಲ. ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಓರೆಯಾಗಿ ತೆಗೆದ ಫೋಟೋದಲ್ಲಿ ಸರಳ ರೇಖೆ ಸರಳವಾಗಿಯೇ ಉಳಿಯುತ್ತದೆ, ಯಾವ ರೇಖೆ ಯಾವುದನ್ನು ಕಡಿಯುತ್ತದೆ ಎಂಬುದೂ ಬದಲಾಗುವುದಿಲ್ಲ. ಆದರೆ ಹತ್ತಿರದ ಚೌಕಗಳು ದೊಡ್ಡದಾಗಿ, ದೂರದವು ಚಿಕ್ಕದಾಗಿ ಕಾಣುತ್ತವೆ. ಆದ್ದರಿಂದ ಯಾವ ಮೂಲೆ ಯಾವ ಎರಡು ರೇಖೆಗಳಿಂದ ಆಗಿದೆ ಎಂಬುದನ್ನು ಮಾತ್ರ ಫೋಟೋದಿಂದ ತಿಳಿದುಕೊಂಡು, ಆ ಮೂಲೆಯ ಬೆಲೆಗಳನ್ನು ಸಮೀಕರಣ ಬಿಡಿಸಿಯೇ ಪಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕದ ಪುಟದ ಫೋಟೋ ಆಗಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಪುಟ ಬಾಗಿರುವಲ್ಲಿ ರೇಖೆಯೂ ಬಾಗಿರುತ್ತದೆ.

ಅಕ್ಷಗಳನ್ನು 40 ಮತ್ತು 20ರಲ್ಲಿ ಕಡಿಯುವ ರೇಖೆಯ ಸಮೀಕರಣ x/40 + y/20 = 1. ಇದನ್ನು 40ರಿಂದ ಗುಣಿಸಿದರೆ x + 2y = 40 ಬರುತ್ತದೆ. ಹಾಗೆಯೇ ಎರಡನೆಯ ರೇಖೆ 3x + y = 45. ಇವು ಅಂಗಡಿಯ ಗಂಟೆಗಳ ಲೆಕ್ಕದೊಂದಿಗೆ ಸರಿಹೊಂದುತ್ತವೆ, ಅಂದರೆ ಫೋಟೋದಲ್ಲಿನ ಅಂಕಿಗಳನ್ನು ನಾವು ಸರಿಯಾಗಿಯೇ ಓದಿದ್ದೇವೆ.

ಮುಂದೆ, ರೇಖೆಯ ಯಾವ ಬದಿ ನಮ್ಮದು ಎಂದು ನೋಡಬೇಕು. ಗೀಟು ಎಳೆದು ತುಂಬಿಸಿದ ಭಾಗವನ್ನು ಕಣ್ಣುಮುಚ್ಚಿ ನಂಬಬಾರದು. ಕೆಲವರು ಬೇಕಾದ ಭಾಗವನ್ನು ತುಂಬಿಸುತ್ತಾರೆ, ಕೆಲವರು ಬೇಡವಾದದ್ದನ್ನು. ಮೂಲಬಿಂದುವಿನ ಸೊನ್ನೆಗಳನ್ನು ಹಾಕಿ ನೋಡಿ: 0 ಎಂಬುದು 40ಕ್ಕಿಂತಲೂ ಕಡಿಮೆ, 45ಕ್ಕಿಂತಲೂ ಕಡಿಮೆ. ಹಾಗಾಗಿ ಮೂಲಬಿಂದುವಿರುವ ಬದಿಯೇ ನಮ್ಮದು. ಎರಡೂ ಮಿತಿಗಳಿಗೆ ಒಳಪಡುವ ಪ್ರದೇಶಕ್ಕೆ ನಾಲ್ಕು ಮೂಲೆಗಳಿವೆ: (0, 0), (15, 0), (0, 20), ಮತ್ತು ಹೆಸರಿಲ್ಲದ ಆ ನಾಲ್ಕನೆಯದು. ಅಕ್ಷದ ಮೇಲೆ 40 ಮತ್ತು 45 ಎಂದು ಬರೆದಿದ್ದರೂ ಆ ಬಿಂದುಗಳು ಮೂಲೆಗಳಲ್ಲ; 40 ಕುರ್ಚಿಗೆ ಹೆಣಿಗೆ ಮತ್ತು ಪಾಲಿಷ್ ಸೇರಿ 120 ಗಂಟೆ ಬೇಕಾಗುತ್ತದೆ.

ನಾಲ್ಕನೆಯದನ್ನು ಕಣ್ಣಳತೆಯಲ್ಲಿ ಓದಿದವರು 11 ಕುರ್ಚಿ, 15 ಟೀಪಾಯಿ ಎನ್ನಬಹುದು. ಅದರ ಲಾಭ 6700 ರೂಪಾಯಿ, ನೋಡಲು ಚೆನ್ನಾಗಿದೆ. ಆದರೆ ಪಾಲಿಷ್ ವಿಭಾಗದಲ್ಲಿ 33 ಮತ್ತು 15 ಸೇರಿ 48 ಗಂಟೆ ಆಗುತ್ತದೆ, ಇರುವುದು 45. ತಪ್ಪು ಹೀಗೆ ತಾನಾಗಿಯೇ ಹೊರಬೀಳುತ್ತದೆ. ಎರಡನೆಯ ಸಮೀಕರಣದಿಂದ y = 45 − 3x ಎಂದು ಬರೆದು ಮೊದಲನೆಯದರಲ್ಲಿ ಹಾಕಿದರೆ x + 90 − 6x = 40. ಆಗ 5x = 50, x = 10, y = 15.

ಈಗ ಲಾಭ 200x + 300y ಎಷ್ಟೆಂದು ಪ್ರತಿ ಮೂಲೆಯಲ್ಲೂ ನೋಡೋಣ. ಮೂಲಬಿಂದುವಿನಲ್ಲಿ ಏನೂ ಇಲ್ಲ. ಬರೀ 15 ಕುರ್ಚಿಗೆ 3000, ಬರೀ 20 ಟೀಪಾಯಿಗೆ 6000, ಹತ್ತು ಕುರ್ಚಿ ಮತ್ತು ಹದಿನೈದು ಟೀಪಾಯಿಗೆ 6500. ಇದೇ ಅತಿ ಹೆಚ್ಚು ಲಾಭ.

ಮೂಲೆಗಳನ್ನಷ್ಟೇ ನೋಡಿದರೆ ಸಾಕೇ ಎಂದು ಕೇಳುವವರಿದ್ದಾರೆ. ಒಂದೇ ಲಾಭ ಕೊಡುವ ಬಿಂದುಗಳೆಲ್ಲ ಒಂದು ಸರಳ ರೇಖೆಯ ಮೇಲಿರುತ್ತವೆ. ಲಾಭ ಹೆಚ್ಚಿದಂತೆ ಆ ರೇಖೆ ತನಗೆ ಸಮಾಂತರವಾಗಿಯೇ ಹೊರಕ್ಕೆ ಸರಿಯುತ್ತದೆ. ನಾಲ್ಕೂ ಕಡೆ ಮುಚ್ಚಿರುವ ಇಂಥ ಪ್ರದೇಶವನ್ನು ಅದು ಕೊನೆಯ ಬಾರಿ ಮುಟ್ಟುವುದು ಒಂದು ಮೂಲೆಯಲ್ಲಿ, ಇಲ್ಲವೇ ಒಂದು ಇಡೀ ಅಂಚಿನಲ್ಲಿ. ಸ್ಕೇಲ್ ಸರಿಸಿ ಇದನ್ನು ಗ್ರಾಫ್ ಹಾಳೆಯ ಮೇಲೆ ಮಾಡಬಹುದು, ಓರೆಯಾದ ಫೋಟೋದ ಮೇಲೆ ಮಾಡಬಾರದು, ಏಕೆಂದರೆ ಅಲ್ಲಿ ಸಮಾಂತರ ರೇಖೆಗಳು ಸಮಾಂತರವಾಗಿ ಉಳಿದಿರುವುದಿಲ್ಲ.

ಅಂಚಿನ ಮಾತು ಬಂದದ್ದರಿಂದ ಇದನ್ನೂ ಮಾಡಿ ನೋಡಿ. ಕುರ್ಚಿಯ ಲಾಭ 150 ರೂಪಾಯಿಗೆ ಇಳಿದರೆ 10 ಕುರ್ಚಿ, 15 ಟೀಪಾಯಿಗೆ 6000 ರೂಪಾಯಿ ಬರುತ್ತದೆ. ಬರೀ 20 ಟೀಪಾಯಿಗೂ ಅಷ್ಟೇ. ಆಗ ಆ ಎರಡು ಮೂಲೆಗಳ ನಡುವಿನ ಅಂಚಿನ ಮೇಲಿರುವ 4 ಕುರ್ಚಿ, 18 ಟೀಪಾಯಿಯಂತಹ ಉತ್ತರವೂ ಸರಿಯೇ. ಕುರ್ಚಿಯ ಲಾಭ 150ಕ್ಕಿಂತ ಕೆಳಗಿಳಿದರೆ ಕುರ್ಚಿಯನ್ನೇ ಬಿಟ್ಟು 20 ಟೀಪಾಯಿ ಮಾಡುವುದು ಆ ಅಂಗಡಿಗೆ ಲಾಭಕರ. ನಮಸ್ಕಾರ.