ಜನ ಬದಲಾದರು, ನಕ್ಷೆ ಬದಲಾಗಲಿಲ್ಲ

"ಆ ಏರಿಯಾದ ಜನಾನೇ ಹಾಗೆ" ಅನ್ನೋ ಮಾತು ಎಲ್ಲ ಊರಲ್ಲೂ ಇದೆ. ಇದು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಬೇಕಾದರೆ ಆ ಏರಿಯಾದ ಜನರನ್ನೆಲ್ಲ ಖಾಲಿ ಮಾಡಿಸಿ, ಬೇರೆಯವರನ್ನು ತಂದಿಟ್ಟು, ಅಪರಾಧ ಇಳಿಯಿತಾ ಅಂತ ನೋಡಬೇಕು. ಯಾರ ಕೈಲಾಗುತ್ತೆ ಅದು? ಆದರೆ ಅಮೆರಿಕದ ಶಿಕಾಗೋದಲ್ಲಿ, ಯಾರೂ ಯೋಜನೆ ಹಾಕದೆ, ಅದೇ ಆಗಿಹೋಯಿತು.

ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಅದನ್ನು ಲೆಕ್ಕ ಹಾಕಿದರು. ಬಾಲ ನ್ಯಾಯಾಲಯಕ್ಕೆ ಬಂದ ಹುಡುಗರ ಕಡತ ತೆಗೆದು, ಒಬ್ಬೊಬ್ಬನ ಮನೆ ಇರುವ ಜಾಗದಲ್ಲಿ ನಗರದ ನಕ್ಷೆಯ ಮೇಲೆ ಒಂದೊಂದು ಚುಕ್ಕೆ ಇಟ್ಟರು. ಗಮನಿಸಿ, ಕಳ್ಳತನ ನಡೆದ ಜಾಗ ಅಲ್ಲ, ಹುಡುಗನ ಮನೆ. ಬರೀ ಚುಕ್ಕೆ ಎಣಿಸಿದರೆ ಮೋಸಹೋಗುತ್ತೀರಿ. ಜನ ಹೆಚ್ಚಿರುವ ಕಡೆ ಚುಕ್ಕೆಯೂ ಹೆಚ್ಚಿರುತ್ತದೆ. ಅದಕ್ಕೇ ಅವರು ಪ್ರತಿ ಭಾಗದಲ್ಲೂ ಅದೇ ವಯಸ್ಸಿನ ಹುಡುಗರು ಎಷ್ಟಿದ್ದಾರೆ ಅಂತ ಜನಗಣತಿಯಿಂದ ತೆಗೆದು, ನೂರು ಹುಡುಗರಿಗೆ ಎಷ್ಟು ಮಂದಿ ಅಂತ ದರ ಕಟ್ಟಿದರು. 1900–06, 1917–23, 1927–33, ಹೀಗೆ ಮೂರು ಸಲ.

ನಗರದ ನಡುವಿನ ವ್ಯಾಪಾರ ಕೇಂದ್ರದಿಂದ ಎರಡೆರಡು ಮೈಲಿಗೆ ಒಂದೊಂದು ವೃತ್ತ ಎಳೆದರೆ, 1927–33ರಲ್ಲಿ ಒಳಗಿನ ವೃತ್ತದಲ್ಲಿ ನೂರಕ್ಕೆ ಸುಮಾರು 10 ಹುಡುಗರು ಕೋರ್ಟು ಕಂಡಿದ್ದರು. ಹೊರಗಿನ ವೃತ್ತದಲ್ಲಿ 2ಕ್ಕಿಂತ ಕಮ್ಮಿ. ಹಿಂದಿನ ಎರಡು ಅವಧಿಯಲ್ಲೂ ಹೆಚ್ಚುಕಮ್ಮಿ ಇದೇ ಇಳಿಜಾರು.

ಈಗ ಒಳಗಿನ ಆ ಬೀದಿಗಳಲ್ಲಿ ಯಾರಿದ್ದರು ನೋಡಿ. 1884ರಲ್ಲಿ ಅಲ್ಲಿ ಹೆಚ್ಚಿನವರು ಜರ್ಮನ್ನರು, ಐರಿಷರು, ಇಂಗ್ಲಿಷರು, ಸ್ಕಾಂಡಿನೇವಿಯದವರು. 1930ರ ಹೊತ್ತಿಗೆ ಅವರು ಹೊರಟುಹೋಗಿ, ಪೋಲೆಂಡ್, ಇಟಲಿ, ಚೆಕ್ ನಾಡಿನವರು ತುಂಬಿದ್ದರು. ಭಾಷೆ, ಚರ್ಚು, ಅಡುಗೆ ಎಲ್ಲ ಬೇರೆಯಾದರೂ ಆ ಜಾಗ ಪಟ್ಟಿಯ ಮೇಲ್ತುದಿ ಬಿಡಲಿಲ್ಲ.

"ಸರಿ, ಬಂದವರೂ ಅಂಥವರೇ ಇರಬಹುದು" ಅಂತ ಯಾರಾದರೂ ವಾದಿಸಬಹುದು. ನನ್ನ ಮಟ್ಟಿಗೆ ಇದಕ್ಕೆ ಸಿಕ್ಕ ಉತ್ತರವೇ ಇಡೀ ಅಧ್ಯಯನದ ತಿರುಳು: ಹೊರಟುಹೋದವರನ್ನು ಹಿಂಬಾಲಿಸಿ. ಹೊರವಲಯಕ್ಕೆ ಮನೆ ಬದಲಿಸಿದ ಮೇಲೆ ಅದೇ ಸಮುದಾಯಗಳ ಮಕ್ಕಳ ದರ ಇಳಿಯಿತು. ದೋಷ ರಕ್ತದಲ್ಲಿದ್ದಿದ್ದರೆ ಗಂಟುಮೂಟೆಯ ಜೊತೆ ಅದೂ ಹೋಗಬೇಕಿತ್ತಲ್ಲವೇ?

ಹಾಗಾದರೆ ಆ ಜಾಗದಲ್ಲಿ ಇದ್ದದ್ದೇನು? ಕಾರ್ಖಾನೆ, ವ್ಯಾಪಾರ ಇವತ್ತಲ್ಲ ನಾಳೆ ಇತ್ತ ಹಬ್ಬುತ್ತವೆ ಅಂತ ಮಾಲೀಕರು ಮನೆ ರಿಪೇರಿ ಮಾಡಿಸುತ್ತಿರಲಿಲ್ಲ. ಬಾಡಿಗೆ ಅಗ್ಗ. ಊರಿಗೆ ಹೊಸದಾಗಿ ಬಂದ ಬಡವರು ಅಲ್ಲೇ ಇಳಿಯುವುದು, ನಾಲ್ಕು ಕಾಸು ಕೈಗೆ ಬಂದ ಕೂಡಲೇ ಅಲ್ಲಿಂದ ಕಾಲು ಕೀಳುವುದು. ಬಡತನ, ನಿಲ್ಲದ ಓಡಾಟ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ನೆರೆಹೊರೆ. ಈ ಮೂರೂ ಸೇರಿದಾಗ ಬೀದಿಯಲ್ಲಿ ಕಲ್ಲು ಬೀಸುವ ಹುಡುಗ ಯಾರ ಮಗ ಅಂತ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಅವನ ತಾಯಿಗೆ ಹೇಳುವ ಸಲುಗೆ ಇರುವುದಿಲ್ಲ. ಸಮಾಜಶಾಸ್ತ್ರದಲ್ಲಿ ಇದನ್ನೇ ಸಾಮಾಜಿಕ ವಿಘಟನೆ ಅನ್ನುತ್ತಾರೆ. ಬಡತನ ನೇರವಾಗಿ ಕಳ್ಳನನ್ನು ಹುಟ್ಟಿಸುತ್ತದೆ ಅಂತ ಈ ಸಿದ್ಧಾಂತ ಹೇಳುವುದಿಲ್ಲ.

ಬಡತನಕ್ಕೂ ಅಪರಾಧಕ್ಕೂ ನಡುವೆ ಇರುವ ನೆರೆಹೊರೆಯ ಈ ಕೊಂಡಿಯನ್ನು ಅಳೆಯಲು ಬಹಳ ಕಾಲ ಹಿಡಿಯಿತು. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಅದೇ ಶಿಕಾಗೋದ 343 ನೆರೆಹೊರೆಗಳ 8,782 ಜನರನ್ನು ಕೇಳಿದ ಸಮೀಕ್ಷೆ ಪ್ರಕಟಿಸಿದರು. ಪ್ರಶ್ನೆಗಳು ತುಂಬ ಸರಳ. ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ಅಕ್ಕಪಕ್ಕದವರು ಏನಾದರೂ ಮಾಡುತ್ತಾರಾ? ಮನೆಮುಂದೆ ಹೊಡೆದಾಟವಾದರೆ? ಇಲ್ಲಿನವರನ್ನು ನಂಬಬಹುದಾ? "ಹೌದು" ಹೆಚ್ಚಿದ್ದ ಕಡೆ ಹಿಂಸೆ ಕಮ್ಮಿ ಇತ್ತು, ಬಡತನದ ವ್ಯತ್ಯಾಸವನ್ನು ಲೆಕ್ಕದಲ್ಲಿ ಹಿಡಿದ ಮೇಲೂ.

ಇನ್ನು ಈ ನಕ್ಷೆಯನ್ನು ತಪ್ಪಾಗಿ ಓದುವವರ ವಿಷಯ. ನೂರಕ್ಕೆ 10 ಅಂದರೆ ಆ ಬೀದಿಯ 90 ಹುಡುಗರು ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಏರಿಯಾದ ದರ ನೋಡಿ ಎದುರಿಗೆ ಬಂದ ಹುಡುಗನನ್ನು ಅನುಮಾನಿಸಿದರೆ ಲೆಕ್ಕವೇ ತಪ್ಪು. ಕಡತವೂ ಪೂರ್ತಿ ಸತ್ಯವಲ್ಲ. ಬಡವರ ಬೀದಿಯಲ್ಲಿ ಪೊಲೀಸರು ಹೆಚ್ಚು ತಿರುಗಿದರೆ ಹೆಸರೂ ಹೆಚ್ಚು ದಾಖಲಾಗುತ್ತದೆ. ಉಳ್ಳವರ ಮಗ ಅದೇ ತಪ್ಪು ಮಾಡಿದರೆ ಅಪ್ಪನ ಒಂದು ಮಾತಿನಲ್ಲಿ ಬಿಟ್ಟುಬಿಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮಿತಿ ಬೇರೆಯೇ ಇದೆ. ಶಾ ಮತ್ತು ಮೆಕೇ ಕಂಡದ್ದು ಬಂದವರು ಹೊರಟುಹೋಗಬಲ್ಲ ನಗರ. ದಕ್ಷಿಣದ ರಾಜ್ಯಗಳಿಂದ ಶಿಕಾಗೋಗೆ ಬಂದ ಕಪ್ಪು ಜನರಿಗೆ ಆ ಬಾಗಿಲು ತೆರೆಯಲಿಲ್ಲ. ಕರಿಯರಿಗೆ ಮಾರಬಾರದು ಅಂತ ಮನೆಪತ್ರದಲ್ಲೇ ಷರತ್ತು ಬರೆದಿರುತ್ತಿದ್ದರು. ಅಂಥ ಷರತ್ತನ್ನು ಕೋರ್ಟು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅವರಿದ್ದ ಬೀದಿಗಳನ್ನು ಸರ್ಕಾರಿ ನಕ್ಷೆಯಲ್ಲೇ ಕೆಂಪು ಬಳಿದು, ಸಾಲಕ್ಕೆ ಅಪಾಯ ಅಂತ ಗುರುತು ಹಾಕಿದ್ದರು. ಐರಿಷ್ ಕುಟುಂಬಕ್ಕೆ ಕೆಲವು ವರ್ಷದ ತಂಗುದಾಣವಾಗಿದ್ದಂಥ ಬೀದಿಗಳಲ್ಲಿ ಇವರು ತಲೆಮಾರುಗಟ್ಟಲೆ ಉಳಿಯಬೇಕಾಯಿತು. ಹಾಗಾಗಿ ಅಲ್ಲಿನ ಇವತ್ತಿನ ಅಂಕಿ ತೋರಿಸಿ "ಜನಾನೇ ಹಾಗೆ" ಅನ್ನುವವರು, ಹೊರಗೆ ಹೋಗುವ ದಾರಿ ಯಾರಿಗೆ ಇತ್ತು, ಯಾರಿಗೆ ಮುಚ್ಚಿದ್ದರು ಅನ್ನುವುದಕ್ಕೆ ಮೊದಲು ಲೆಕ್ಕ ಕೊಡಬೇಕು.