ಬ್ಯಾನರ್ ಹಾಕಿ, ಬರಹ ಬದಲಿಸಿ, ಬೆಲೆ ಮಾತ್ರ ಅಲ್ಲಿಡಬೇಡಿ ಮಾರಾಯ್ರೇ

ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಕೂತಿದ್ದೆ. ಆದರೆ ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ತಲೆ ಕೆಡಿಸಿಬಿಟ್ಟಿತು. "ಬ್ರೋ, ಬೆಲೆ ಬದಲಾಯಿಸೋಕೆ ಬ್ಯಾಕೆಂಡ್‌ನವರ ಹಿಂದೆ ಯಾಕೆ ಅಲೀಬೇಕು? ಫೈರ್‌ಬೇಸ್ ರಿಮೋಟ್ ಕಾನ್ಫಿಗ್‌ನಲ್ಲಿ ನಂಬರ್ ಹಾಕು, ಪಬ್ಲಿಷ್ ಒತ್ತು, ಮುಗೀತು." ಅದಕ್ಕೆ ಲೈಕ್ ಬೇರೆ ಸುರಿದಿದ್ದಾರೆ. ನನ್ನ ವಿಡಿಯೋಗಿಂತ ಆ ಕಾಮೆಂಟ್‌ಗೇ ಜಾಸ್ತಿ ಲೈಕ್, ಹೊಟ್ಟೆ ಉರಿಯದೆ ಇರುತ್ತದಾ? ಇನ್ನೂ ಸಬ್‌ಸ್ಕ್ರೈಬ್ ಮಾಡದೆ ಸುಮ್ನೆ ನೋಡುತ್ತಾ ಕೂತವರು ಈಗಲೇ ಒಂದು ಸಲ ಒತ್ತಿಬಿಡಿ, ಆಮೇಲೆ ಮುಂದೆ ಹೋಗೋಣ.

ಮೊದಲೇ ಹೇಳಿಬಿಡುತ್ತೇನೆ, ನನಗೆ ರಿಮೋಟ್ ಕಾನ್ಫಿಗ್ ಮೇಲೆ ಸಿಟ್ಟಿಲ್ಲ. ಹೊಸ ವರ್ಷನ್ ಬಿಟ್ಟು, ಪ್ಲೇ ಸ್ಟೋರ್ ರಿವ್ಯೂ ಮುಗಿಸಿಕೊಂಡು, ಜನ ಅಪ್‌ಡೇಟ್ ಮಾಡೋವರೆಗೂ ಕಾಯುವ ಬದಲು, ಕನ್ಸೋಲ್‌ನಲ್ಲಿ ಕೂತು ಒಂದು ಸಾಲು ಬದಲಾಯಿಸಿದರೆ ಆ್ಯಪ್‌ನಲ್ಲಿ ಬರಹ ಬದಲಾಗುತ್ತದೆ ಅಂದರೆ ಯಾರಿಗೆ ಬೇಡ? ಯುಗಾದಿಗೆ ಬ್ಯಾನರ್ ಹಾಕಿ. "ಮಳೆ ಇರುವುದರಿಂದ ಡೆಲಿವರಿ ತಡವಾಗಬಹುದು" ಅಂತ ಸಾಲು ಹಾಕಿ. ಫೋನಿನ ಭಾಷೆ ಕನ್ನಡ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಂತ ಕಂಡೀಷನ್ ಹಾಕಿ. ಎಲ್ಲ ಚೆನ್ನಾಗಿದೆ. ಬೆಲೆ ಮಾತ್ರ ಬೇಡ. ಅಷ್ಟೇ ನಾನು ಹೇಳುವುದು.

ಯಾಕೆ ಅಂತ ಒಂದು ಕೇಸ್ ಹಿಡಿದು ನೋಡೋಣ. ಮಧ್ಯಾಹ್ನದ ಊಟ ತಂದುಕೊಡುವ ಒಂದು ಆ್ಯಪ್, ಹೆಸರು ಕೇಳಬೇಡಿ. ಅದರಲ್ಲಿ ಊಟದ ಬೆಲೆ ಹೀಗೆ ಓದುತ್ತಿದ್ದರು:

```kotlin
val price = remoteConfig.getLong("meal_price")
priceText.text = "₹$price"
```

ಎಷ್ಟು ಸರಳ, ಅಲ್ವಾ? ಒಂದು ದಿನ ಬೆಳಿಗ್ಗೆ 11 ಗಂಟೆಗೆ ಬೆಲೆಯನ್ನು 129ರಿಂದ 149ಕ್ಕೆ ಏರಿಸಿದರು. ಕನ್ಸೋಲ್‌ನಲ್ಲೂ ಬದಲಾಯಿಸಿದರು, ಹಣ ಕೇಳುವ ತಮ್ಮ ಸರ್ವರ್‌ನಲ್ಲೂ ಬದಲಾಯಿಸಿದರು. ಆಫೀಸಿನಲ್ಲಿ ಎಲ್ಲರ ಟೆಸ್ಟ್ ಫೋನ್‌ನಲ್ಲೂ 149 ಬಂತು. ಖುಷಿಯಾಗಿ ಕಾಫಿಗೆ ಹೋದರು.

ಈಗ ಒಬ್ಬ ಗ್ರಾಹಕರ ಫೋನ್ ನೋಡಿ. ಅವರು ಬೆಳಿಗ್ಗೆ 9ಕ್ಕೆ ಮೆನು ನೋಡಲು ಆ್ಯಪ್ ತೆರೆದಿದ್ದರು. ಆಗ ಕಾನ್ಫಿಗ್ ಇಳಿದಿದೆ, 129. ಮಧ್ಯಾಹ್ನ 12ಕ್ಕೆ ಊಟ ತರಿಸೋಣ ಅಂತ ಮತ್ತೆ ತೆರೆದರು. ಆ್ಯಪ್ ಮತ್ತೆ ಫೆಚ್ ಮಾಡು ಅನ್ನುತ್ತದೆ, ನಿಜ. ಆದರೆ ಫೈರ್‌ಬೇಸ್‌ನಲ್ಲಿ ನೀವು ಏನೂ ಹೇಳದಿದ್ದರೆ ಎರಡು ಫೆಚ್ ನಡುವೆ ಕನಿಷ್ಠ 12 ಗಂಟೆ ಇರಬೇಕು ಅಂತ ಲೆಕ್ಕ. ಅದಕ್ಕಿಂತ ಮೊದಲು ಕೇಳಿದರೆ ನೆಟ್‌ವರ್ಕ್ ಕಡೆಗೆ ಹೋಗುವುದೇ ಇಲ್ಲ. ಫೋನ್‌ನಲ್ಲಿ ಇರುವುದನ್ನೇ ಇಟ್ಟುಕೊಂಡು "ಆಯ್ತು, ಸಕ್ಸೆಸ್" ಅನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಕಾರ್ಟ್‌ನಲ್ಲಿ 129, ಪೇ ಒತ್ತಿದರೆ ಯುಪಿಐನಲ್ಲಿ 149. ದರ್ಶಿನಿಯ ಬೋರ್ಡ್‌ನಲ್ಲಿ ಒಂದು ರೇಟು, ಕ್ಯಾಶ್ ಕೌಂಟರ್‌ನಲ್ಲಿ ಇನ್ನೊಂದು ರೇಟು ಹೇಳಿದರೆ ನಾವು ಏನು ಮಾಡುತ್ತೇವೋ, ಅವರೂ ಅದನ್ನೇ ಮಾಡಿದರು. ಸ್ಕ್ರೀನ್‌ಶಾಟ್ ತೆಗೆದು ಕಸ್ಟಮರ್ ಕೇರ್‌ಗೆ ಕಳಿಸಿದರು.

12 ಗಂಟೆ ಕಾದರೆ ಸರಿಹೋಗುತ್ತದೆ ಅಂದುಕೊಂಡಿರಾ? ಇಲ್ಲ. ಫೆಚ್ ಬೇರೆ, ಆಕ್ಟಿವೇಟ್ ಬೇರೆ. ಇಳಿದ ಹೊಸ ಬೆಲೆ ಫೋನ್‌ನಲ್ಲಿ ಒಂದು ಮೂಲೆಯಲ್ಲಿ ಕೂತಿರುತ್ತದೆ, `activate()` ಕರೆಯುವವರೆಗೂ ಹಳೆಯದೇ ಕಾಣುವುದು. ತೆರೆ ಮೇಲಿನ ಬರಹ ಕಣ್ಣೆದುರೇ ಕುಣಿಯಬಾರದು ಅಂತ ತುಂಬ ಜನ, ಈಗ ಇಳಿಸಿಕೋ, ಮುಂದಿನ ಸಲ ಆ್ಯಪ್ ಶುರುವಾದಾಗ ಹಚ್ಚು ಅಂತ ಬರೆದಿರುತ್ತಾರೆ. ಬ್ಯಾನರ್‌ಗೆ ಅದು ಒಳ್ಳೆಯ ಪದ್ಧತಿ. ಈ ಆ್ಯಪ್‌ನವರೂ ಹಾಗೇ ಬರೆದಿದ್ದರು. ಹಾಗಾಗಿ ಆ ಗ್ರಾಹಕರು ರಾತ್ರಿ 9:30ಕ್ಕೆ ತೆರೆದಾಗ 149 ಇಳಿಯಿತು, ತೆರೆಯಲ್ಲಿ ಮಾತ್ರ 129. ಆ್ಯಪ್ ಹಿನ್ನೆಲೆಯಲ್ಲಿ ಸಾಯದೆ ಉಳಿದುಕೊಂಡರೆ ಮರುದಿನ ಮಧ್ಯಾಹ್ನವೂ 129. ಒಂದೇ ಬೆಲೆ, ಎರಡು ದಿನ, ಎರಡು ಮುಖ.

ಇನ್ನೊಂದು ಯಾರಿಗೂ ಹೊಳೆಯದ ವಿಷಯ. ಬೆಲೆ ಏರಿಸಿದಾಗ ಜನ ಬೈಯುತ್ತಾರೆ, ಗೊತ್ತಾಗುತ್ತದೆ. ಇಳಿಸಿದಾಗ? ಸರ್ವರ್‌ನಲ್ಲಿ 129, ಫೋನ್‌ನಲ್ಲಿ ಇನ್ನೂ 149. ಅದನ್ನು ನೋಡಿ "ದುಬಾರಿ" ಅಂತ ಹೊರಟುಹೋದವರು ಯಾರೂ ದೂರು ಕೊಡಲ್ಲ. ಮೀಟಿಂಗ್‌ನಲ್ಲಿ ಮಾತ್ರ "ಆಫರ್ ಕೊಟ್ಟರೂ ಸೇಲ್ಸ್ ಏರಲಿಲ್ಲ" ಅಂತ ತಲೆ ಕೆರೆದುಕೊಳ್ಳುತ್ತಾರೆ. ಆಫರ್ ಫೋನಿಗೇ ತಲುಪಿಲ್ಲ ಸ್ವಾಮಿ!

ಈಗ ಬರುತ್ತದೆ ಜಾಣರ ಉತ್ತರ. "ಬ್ರೋ, ಇಂಟರ್ವಲ್ ಸೊನ್ನೆ ಇಡಿ." ಇಡಿ, ಟೆಸ್ಟ್ ಮಾಡುವಾಗ ಇಡಿ, ಅದಕ್ಕೇ ಅದು ಇರುವುದು. ಆಫೀಸಿನ ಫೋನ್‌ಗಳಲ್ಲಿ 149 ತಕ್ಷಣ ಬಂದದ್ದು ಆ ಸೊನ್ನೆಯಿಂದಲೇ. ಎಲ್ಲರ ಫೋನ್‌ನಲ್ಲೂ ಸೊನ್ನೆ ಇಟ್ಟು ಪದೇ ಪದೇ ಕೇಳಿದರೆ ಒಂದು ಹಂತದಲ್ಲಿ `FirebaseRemoteConfigFetchThrottledException` ಅಂತ ಎಸೆದು, ಸ್ವಲ್ಪ ಹೊತ್ತು ಬರಬೇಡ ಅನ್ನುತ್ತದೆ. ಆಗ ಮತ್ತೆ ಹಳೇ ಬೆಲೆ. ಸೊನ್ನೆ ಇಟ್ಟರೂ ನೆಟ್ ಇಲ್ಲದ ಬೇಸ್‌ಮೆಂಟ್‌ನಲ್ಲಿ ಆ್ಯಪ್ ತೆರೆದವರ ಕಥೆ ಏನು? ಹಳೇ ಬೆಲೆ.

"ರಿಯಲ್‌ಟೈಮ್ ಬಂದಿದೆ ಅಲ್ವಾ?" ಬಂದಿದೆ, 2023ರಲ್ಲೇ ಬಂತು. `addOnConfigUpdateListener` ಹಾಕಿದರೆ ಕನ್ಸೋಲ್‌ನಲ್ಲಿ ಪಬ್ಲಿಷ್ ಒತ್ತಿದ ಸ್ವಲ್ಪ ಹೊತ್ತಿಗೇ ತೆರೆದಿರುವ ಆ್ಯಪ್‌ಗೆ ಸುದ್ದಿ ಬರುತ್ತದೆ. ತುಂಬ ಚಂದ. ಈಗ ಗ್ರಾಹಕರು 129 ನೋಡಿ ಪೇ ಬಟನ್ ಮೇಲೆ ಬೆರಳು ಇಟ್ಟಿದ್ದಾರೆ, ಅಷ್ಟರಲ್ಲಿ ನೀವು 149 ಮಾಡಿದಿರಿ. ಬೆರಳ ಕೆಳಗೆ ಬೆಲೆ ಬದಲಾಗುತ್ತದಾ? ಬದಲಾದರೆ ಮೋಸ ಅನ್ನುತ್ತಾರೆ, ಬದಲಾಗದಿದ್ದರೆ ಯುಪಿಐನಲ್ಲಿ ಬೇರೆ ಮೊತ್ತ. ಎಷ್ಟು ಬೇಗ ತಲುಪಿತು ಅನ್ನುವುದು ಸಮಸ್ಯೆಯೇ ಅಲ್ಲ, ತೋರಿಸುವವರೊಬ್ಬರು, ಹಣ ಕೇಳುವವರೊಬ್ಬರು ಆಗಿರುವುದೇ ಸಮಸ್ಯೆ. ಬೆಲೆ ಎರಡು ಕಡೆ ಇಡಬೇಡಿ ಅಂತ ಬಾಯಿ ಬಡಿದುಕೊಳ್ಳುತ್ತಿರುವುದು ಇದಕ್ಕೇ.

ಮತ್ತೆ ಆ `getLong` ನೋಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದಾರೆ, ಇನ್ನೂ ಏನೂ ಇಳಿದಿಲ್ಲ, ನೀವು ಆ್ಯಪ್ ಒಳಗೆ ಡಿಫಾಲ್ಟ್ ಬೆಲೆಯನ್ನೂ ಕೊಟ್ಟಿಲ್ಲ. ಅದು ಕ್ರ್ಯಾಶ್ ಆಗಲ್ಲ. ಸಂಭಾವಿತರ ಥರ ಸೊನ್ನೆ ಕೊಡುತ್ತದೆ. ತೆರೆಯಲ್ಲಿ ₹0, ದಾಸೋಹ! ಮಾರ್ಕೆಟಿಂಗ್‌ನವರು ಕನ್ಸೋಲ್‌ನಲ್ಲಿ 149 ಬದಲು "₹149" ಅಂತ ಬರೆದರೂ ಇದೇ ಗತಿ, ನಂಬರ್ ಆಗಿ ಓದಲು ಬರದಿದ್ದರೆ ಡಿಫಾಲ್ಟ್, ಅದೂ ಇಲ್ಲದಿದ್ದರೆ ಸೊನ್ನೆ.

ಇದೆಲ್ಲ ಸಹಿಸಬಹುದು. ಸಹಿಸಲು ಆಗದ ಒಂದು ಜಾತಿ ಇದೆ. ಎರಡು ಕಡೆ ಬೆಲೆ ಹೊಂದುತ್ತಿಲ್ಲ ಅಂತ ಗೊತ್ತಾದ ಮೇಲೆ "ಹಾಗಾದರೆ ಆ್ಯಪ್ ತೋರಿಸಿದ ಮೊತ್ತವನ್ನೇ ಸರ್ವರ್‌ಗೆ ಕಳಿಸಿ, ಅದನ್ನೇ ಚಾರ್ಜ್ ಮಾಡೋಣ" ಅನ್ನುವವರು. ಅಯ್ಯೋ ಪುಣ್ಯಾತ್ಮರೇ! ಕಾನ್ಫಿಗ್‌ನಲ್ಲಿ ಇರುವುದನ್ನು ಫೋನ್ ಇಟ್ಟುಕೊಂಡವರು ಓದಬಹುದು, ಕಳಿಸುವ ರಿಕ್ವೆಸ್ಟ್ ತಿದ್ದಬಹುದು. ಒಂದು ರೂಪಾಯಿಗೆ ಊಟ ತರಿಸಿಕೊಳ್ಳುತ್ತಾರೆ, ಮೇಲೆ ಹಪ್ಪಳ ಕೊಟ್ಟಿಲ್ಲ ಅಂತ ಒಂದು ಸ್ಟಾರ್ ರೇಟಿಂಗ್.

ಹಾಗಾದರೆ ಬೆಲೆ ಎಲ್ಲಿಡಬೇಕು? ಹಣ ಕೇಳುವವರ ಬಳಿ. ಮೆನು ಸರ್ವರ್‌ನಿಂದ ಬರುವಾಗ ಬೆಲೆಯೂ ಅದರ ಜೊತೆಗೇ ಬರಲಿ. ಆರ್ಡರ್ ಹೋಗುವಾಗ ಆ್ಯಪ್ "ನಾನು 129 ತೋರಿಸಿದ್ದೇನೆ" ಅಂತ ಹೇಳಲಿ, ಆದರೆ ಸರ್ವರ್ ಅದನ್ನು ನಂಬದೆ ತನ್ನ ಬೆಲೆಗೆ ಹೋಲಿಸಲಿ. ಬೇರೆ ಇದ್ದರೆ ಹಣ ಕೇಳುವ ಮೊದಲೇ ನಿಲ್ಲಿಸಿ "ಬೆಲೆ ಈಗ ₹149, ಮುಂದುವರಿಯಲಾ?" ಅಂತ ಕೇಳಲಿ. ಪ್ಲೇ ಸ್ಟೋರ್ ಮೂಲಕ ಚಂದಾ ಮಾರುತ್ತಿದ್ದರೆ ಇನ್ನೂ ಸುಲಭ. ಬೆಲೆಯ ಬರಹವನ್ನು ಪ್ಲೇ ಬಿಲ್ಲಿಂಗ್ ತಾನೇ `formattedPrice` ಅಂತ ಕೊಡುತ್ತದೆ. ಬೆಂಗಳೂರಿನವರಿಗೆ ರೂಪಾಯಿ, ನ್ಯೂಜೆರ್ಸಿಯಲ್ಲಿರುವ ನಮ್ಮವರಿಗೆ ಡಾಲರ್, ಅವರವರ ಅಕೌಂಟ್ ಯಾವ ದೇಶದ್ದೋ ಹಾಗೆ. ಯಾವ ಪ್ಲಾನ್ ಮೇಲೆ ತೋರಿಸಬೇಕು, "ಜನಪ್ರಿಯ" ಅಂತ ಪಟ್ಟಿ ಯಾವುದಕ್ಕೆ ಅಂಟಿಸಬೇಕು, ಅದನ್ನು ಬೇಕಾದರೆ ಕಾನ್ಫಿಗ್‌ನಲ್ಲಿ ಇಡಿ. ಎಷ್ಟು ಅನ್ನುವುದನ್ನು ಇಡಬೇಡಿ.

ಅಂದಹಾಗೆ, ಬ್ಯಾನರ್ ಪಕ್ಷದವರೂ ಜಾಸ್ತಿ ನಗಬೇಡಿ. ದೀಪಾವಳಿ ಬ್ಯಾನರ್ ಹಬ್ಬ ಕಳೆದ ಮೇಲೂ ಫೋನ್‌ಗಳಲ್ಲಿ ನೇತಾಡುವುದು ಇದೇ ಕಾರಣಕ್ಕೆ. ಹಬ್ಬ ಮುಗಿದ ರಾತ್ರಿ ನೀವು ಕನ್ಸೋಲ್‌ನಲ್ಲಿ ತೆಗೆಯುತ್ತೀರಿ, ಫೋನ್‌ಗೆ ಅದು ಯಾವಾಗ ಗೊತ್ತಾಗುತ್ತದೋ ದೇವರೇ ಬಲ್ಲ. ಅದಕ್ಕೆ ಮುಗಿಯುವ ಹೊತ್ತನ್ನು ಮೊದಲೇ ಜೊತೆಗೆ ಕಳಿಸಿಬಿಡಿ:

```json
{"text": "ದೀಪಾವಳಿ ಆಫರ್", "to": "2025-10-23T00:00:00+05:30"}
```

ಹೊತ್ತು ಮೀರಿದರೆ ಆ್ಯಪ್ ತಾನೇ ಬಚ್ಚಿಡುತ್ತದೆ, ಯಾರನ್ನೂ ಕೇಳಬೇಕಿಲ್ಲ. "ಹಾಗಾದರೆ ಬೆಲೆಗೂ ಹೀಗೇ ಹೊತ್ತು ಹಾಕಿ ಕಳಿಸಬಹುದಲ್ಲ?" ಅಂತ ಯಾರೋ ಈಗಲೇ ಟೈಪ್ ಮಾಡುತ್ತಿದ್ದೀರಿ, ನನಗೆ ಗೊತ್ತು. ಬೇಡ! ಬ್ಯಾನರ್ ತಡವಾದರೆ ಜನ ನಗುತ್ತಾರೆ, ಬೆಲೆ ತಪ್ಪಿದರೆ ರೀಫಂಡ್ ಕೇಳುತ್ತಾರೆ.

"ನಮ್ಮದು ಚಿಕ್ಕ ಆ್ಯಪ್, ನಮಗೆ ಸರ್ವರ್ ಇಲ್ಲ" ಅಂತ ಇನ್ನೊಬ್ಬರು. ಸರ್ವರ್ ಇಲ್ಲದೆ ಹಣ ಹೇಗೆ ತಗೊಳ್ತಿದ್ದೀರಿ? ಪ್ಲೇ ಮೂಲಕ ಅಂದರೆ ಬೆಲೆ ಪ್ಲೇ ಹತ್ತಿರ ಇದೆ. ವಾಟ್ಸಾಪ್‌ನಲ್ಲಿ ಕ್ಯೂಆರ್ ಕಳಿಸುತ್ತೀರಾ, ಹಾಗಾದರೆ ಬೆಲೆಯನ್ನೂ ವಾಟ್ಸಾಪ್‌ನಲ್ಲೇ ಹೇಳಿ, ಆ್ಯಪ್ ಯಾಕೆ ಬೇಕಿತ್ತು?

"ದೊಡ್ಡ ಕಂಪನಿಗಳೇ ಹಾಗೆ ಮಾಡುತ್ತವೆ." ಮಾಡಲಿ! ಅವರ ಹತ್ತಿರ ಬೈಗುಳ ತಿನ್ನಲು ಒಂದು ಮಹಡಿ ತುಂಬ ಜನ ಇದ್ದಾರೆ. ನಿಮ್ಮ ಹತ್ತಿರ ಯಾರಿದ್ದಾರೆ, ನಿಮ್ಮ ಹೆಂಡತಿಯ ತಮ್ಮ ಒಬ್ಬ, ಅವನೂ ಪಾರ್ಟ್‌ಟೈಮ್.

ಇಲ್ಲ, ನಾನು ಇನ್ನೂ ವಾದ ಮಾಡಲ್ಲ. ಬೆಲೆ ಬೇಡ ಅಂದರೆ ಬೇಡ. ಈ ಚಾನೆಲ್‌ನ ಮೆಂಬರ್‌ಶಿಪ್ ಬೆಲೆಯನ್ನೂ ನಾನು ಎಲ್ಲೂ ಬ್ಯಾನರ್‌ನಲ್ಲಿ ಬರೆದಿಲ್ಲ, ಜಾಯಿನ್ ಒತ್ತಿದರೆ ಅದೇ ತೋರಿಸುತ್ತದೆ, ನೋಡಿಕೊಂಡು ಕೊಡಿ. ನಿಮ್ಮ ಆ್ಯಪ್‌ನಲ್ಲಿ ತೋರಿಸಿದ ಬೆಲೆಯನ್ನೂ ತಗೊಂಡ ಬೆಲೆಯನ್ನೂ ಒಂದೇ ಸಾಲಿನಲ್ಲಿ ಲಾಗ್ ಮಾಡಿ, ಜೊತೆಗೆ `getValue("meal_price").source` ಕೂಡ. ಅದು 2 ಅಂದರೆ ಬೆಲೆ ಫೈರ್‌ಬೇಸ್‌ನಿಂದ ಇಳಿದದ್ದು, 1 ಅಂದರೆ ಆ್ಯಪ್ ಒಳಗಿನ ಡಿಫಾಲ್ಟ್, 0 ಅಂದರೆ ಆ ದಾಸೋಹ. ಒಂದು ವಾರದ ಲಾಗ್ ತೆಗೆದು ಎರಡೂ ಬೆಲೆ ಹೊಂದದ ಆರ್ಡರ್ ಎಷ್ಟಿವೆ ಅಂತ ಎಣಿಸಿ ಕಾಮೆಂಟ್‌ನಲ್ಲಿ ಹಾಕಿ. ಒಂದೂ ಇಲ್ಲ ಅನ್ನುವವರು ಸ್ಕ್ರೀನ್‌ಶಾಟ್ ಸಮೇತ ಹಾಕಿ, ಸುಮ್ನೆ ಹೇಳಿದರೆ ನಂಬಲ್ಲ.